ನಮ್ಮದೇ ದನಿಯ ನೋಟ್ಸ್: ರಾಷ್ಟ್ರಪತಿ ಆಳ್ವಿಕೆ ಪಾಠವನ್ನು ಬಸ್ಸಲ್ಲಿ ಓದೋದು

"ಸರ್, ಕೆಎಎಸ್‌ಗೆ ಓದುವಾಗ ಥಿಯರಿನೆಲ್ಲ ನೀವೇ ರೆಕಾರ್ಡ್ ಮಾಡ್ಕೊಂಡು ಬಸ್ಸಲ್ಲಿ ಕೇಳ್ತೀರಂತೆ. ಅದು ನಿಜವಾಗ್ಲೂ ತಲೇಲಿ ಉಳಿಯುತ್ತಾ? ಯೂಟ್ಯೂಬ್ ಕ್ಲಾಸೇ ಕೇಳ್ಬಹುದಲ್ವಾ?"

ಉಳಿಯುತ್ತೆ. ಆದರೆ ಹೇಗೆ ರೆಕಾರ್ಡ್ ಮಾಡ್ತೀರಿ ಅನ್ನೋದರ ಮೇಲೆ. ಪುಸ್ತಕ ಹಿಡ್ಕೊಂಡು ಗಡಗಡ ಓದಿ ತುಂಬಿಸಿದ್ರೆ, ಎರಡನೇ ಸಲ ಕೇಳುವಾಗಲೇ ಅದು ಹಿನ್ನೆಲೆಯ ಸದ್ದಾಗಿಬಿಡುತ್ತೆ. ಎಲ್ಲ ಗೊತ್ತಿದೆ ಅನ್ನಿಸುತ್ತೆ, ಯಾರಾದರೂ ಕೇಳಿದರೆ ಬಾಯಿಗೆ ಬರೋದಿಲ್ಲ.

ಹಾಗಾಗಿ ನಾನು ಪಾಠ ರೆಕಾರ್ಡ್ ಮಾಡೋದಿಲ್ಲ, ಪ್ರಶ್ನೆ ರೆಕಾರ್ಡ್ ಮಾಡ್ತೀನಿ. ಪ್ರಶ್ನೆ ಕೇಳ್ತೀನಿ, ಐದಾರು ಸೆಕೆಂಡ್ ಸುಮ್ನಿರ್ತೀನಿ, ಆಮೇಲೆ ಉತ್ತರ ಹೇಳ್ತೀನಿ. ಆ ಸುಮ್ಮನಿರುವ ಹೊತ್ತಲ್ಲೇ ಓದು ನಡೆಯೋದು. ಬಸ್ಸಲ್ಲಿ ಕೂತವರು ಅಷ್ಟರಲ್ಲಿ ಮನಸ್ಸಿನಲ್ಲೇ ಉತ್ತರ ಹೇಳಬೇಕು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಃಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರ ಕಳೆದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಮುಂದೆ ಹೋಗಿದ್ದರು.

ಒಂದು ಪಾಠ ತಗೊಂಡು ನೋಡೋಣ. ಸಂವಿಧಾನದ ತುರ್ತು ಪರಿಸ್ಥಿತಿ ವಿಧಿಗಳು. 352 ರಾಷ್ಟ್ರೀಯ ತುರ್ತು ಪರಿಸ್ಥಿತಿ, 356 ರಾಷ್ಟ್ರಪತಿ ಆಳ್ವಿಕೆ. ಇವೆರಡನ್ನೂ ಬೇರೆ ಬೇರೆ ಫೈಲಲ್ಲಿ ಹೇಳಿದರೆ ಕಿವಿಯಲ್ಲಿ ಕಲಸಿಹೋಗುತ್ತೆ. ಕಾಗದದ ಮೇಲೆ ಎರಡು ಕಾಲಂ ಹಾಕಿ ನೋಡಬಹುದು, ಕಿವಿಗೆ ಕಾಲಂ ಇಲ್ಲ. ಅದಕ್ಕೇ ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಜೋಡಿಸ್ತೀನಿ:

"ಸಂಸತ್ತಿನ ಒಪ್ಪಿಗೆ ಎಷ್ಟು ದಿನದೊಳಗೆ? 352ಕ್ಕೆ? 356ಕ್ಕೆ?" ಮೌನ. "352ಕ್ಕೆ ಒಂದು ತಿಂಗಳು, ವಿಶೇಷ ಬಹುಮತ. 356ಕ್ಕೆ ಎರಡು ತಿಂಗಳು, ಸರಳ ಬಹುಮತ."

ಮುಂದಿನ ಪ್ರಶ್ನೆ: "ಯಾಕೆ ಈ ವ್ಯತ್ಯಾಸ?" ಉತ್ತರ: ಮೊದಲು ಎರಡಕ್ಕೂ ಎರಡೇ ತಿಂಗಳಿತ್ತು. 1975ರ ತುರ್ತು ಪರಿಸ್ಥಿತಿಯ ಅನುಭವ ಆದಮೇಲೆ, 1978ರ 44ನೇ ತಿದ್ದುಪಡಿ 352ನ್ನು ಬಿಗಿ ಮಾಡಿತು. "ಆಂತರಿಕ ಕ್ಷೋಭೆ" ತೆಗೆದು "ಸಶಸ್ತ್ರ ಬಂಡಾಯ" ಹಾಕಿದ್ದೂ ಅದೇ ತಿದ್ದುಪಡಿ. ಈ ಕಾರಣ ಗೊತ್ತಿದ್ದರೆ ಒಂದು ತಿಂಗಳು ಯಾವುದಕ್ಕೆ ಅಂತ ಗೊಂದಲ ಆಗೋದಿಲ್ಲ. ಬರೀ ಅಂಕಿ ಕೇಳಿಸಿದರೆ ಆಗೇ ಆಗುತ್ತೆ.

ಆಮೇಲೆ ನಮ್ಮೂರಿನದೇ ಕಥೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯ್ತು. ಸದನದಲ್ಲಿ ಬಹುಮತ ತೋರಿಸೋಕೆ ಅವಕಾಶವನ್ನೇ ಕೊಡಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಅಂತ ಹೇಳಿತು. 356ರ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು ಅಂತಲೂ ಹೇಳಿತು. ಇದನ್ನು ನಾನು ಪ್ರಶ್ನೆಯಾಗಿ ಒಡೆಯೋದಿಲ್ಲ, ಕಥೆಯಾಗೇ ಹೇಳ್ತೀನಿ. ಕಥೆಗೆ ಕಿವಿ ಸಾಕು.

ಪುಸ್ತಕ ಮುಚ್ಚಿಟ್ಟು ಮಾತಾಡಿ. ತಡವರಿಸಿದರೆ ಆ ಜಾಗ ಇನ್ನೂ ಬಂದಿಲ್ಲ ಅಂತ ಅರ್ಥ, ಅಲ್ಲೇ ನಿಲ್ಲಿಸಿ ಪುಸ್ತಕ ತೆರೆಯಿರಿ. ಮುಗಿದ ಮೇಲೆ ಒಮ್ಮೆ ಪುಸ್ತಕ ಎದುರಿಗಿಟ್ಟುಕೊಂಡು ಕೇಳಲೇಬೇಕು. ತಪ್ಪು ಅಂಕಿ ಒಂದು ಸಲ ಫೈಲಿಗೆ ಸೇರಿದರೆ ಅದೇ ಬಾಯಿಪಾಠ ಆಗುತ್ತೆ, ಅದೂ ನಮ್ಮದೇ ದನಿಯಲ್ಲಿ!

ಒಂದು ಫೈಲ್ ಐದು ನಿಮಿಷ ದಾಟದಿದ್ದರೆ ಒಳ್ಳೇದು. ಒಂದು ಉತ್ತರ ಬದಲಾದರೆ ಅಷ್ಟನ್ನೇ ಮತ್ತೆ ಹೇಳಿ ಹಳೇದನ್ನು ಅಳಿಸಬಹುದು. ಹೆಸರು `352-356-ANUMODANE.m4a` ಅನ್ನೋ ಥರ ಇಟ್ಟರೆ ನೂಕುನುಗ್ಗಲಲ್ಲೂ ಹುಡುಕಬಹುದು. ಫೋನನ್ನು ಬಾಯಿಗೆ ನೇರ ಹಿಡಿಯದೆ ಗೇಣು ದೂರದಲ್ಲಿ ಸ್ವಲ್ಪ ಪಕ್ಕಕ್ಕೆ ಇಟ್ಟರೆ 'ಪ', 'ಬ' ಅಂದಾಗ ಗಾಳಿ ಬಡಿಯೋದಿಲ್ಲ. ಫ್ಯಾನ್ ಆಫ್ ಮಾಡಿ. ಬಸ್ಸಿನ ಇಂಜಿನ್ ಸದ್ದಿಗೆ ಪಿಸುಮಾತು ಕೇಳೋದೇ ಇಲ್ಲ, ಎದುರಿಗಿರೋರಿಗೆ ಹೇಳುವಷ್ಟು ಜೋರಾಗಿ ಮಾತಾಡಿ.

ಯೂಟ್ಯೂಬ್ ವಿಷಯಕ್ಕೆ ಬರ್ತೀನಿ. ಹೊಸ ಪಾಠ ಅರ್ಥ ಮಾಡ್ಕೊಳ್ಳೋಕೆ ಒಳ್ಳೆಯ ಮೇಷ್ಟ್ರ ಕ್ಲಾಸೇ ಬೇಕು. ರಿವಿಷನ್‌ಗೆ ನಮ್ಮ ದನಿಗೆ ಸ್ವಲ್ಪ ಲಾಭ ಇದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಫೋರಿನ್ ಮತ್ತು ಮೆಕ್ಲಾಯ್ಡ್ ಅವರ ಪ್ರಯೋಗದಲ್ಲಿ, ಪದಗಳನ್ನು ಬೇರೆಯವರ ದನಿಯಲ್ಲಿ ಕೇಳಿದ್ದಕ್ಕಿಂತ ತಮ್ಮದೇ ರೆಕಾರ್ಡಿಂಗ್ ಕೇಳಿದಾಗ ನೆನಪು ಜಾಸ್ತಿ ಇತ್ತು. ಅದಕ್ಕಿಂತ ಜಾಸ್ತಿ ಇದ್ದಿದ್ದು ಗಟ್ಟಿಯಾಗಿ ಓದಿದಾಗ. ಅಂದರೆ ರೆಕಾರ್ಡ್ ಮಾಡುವ ಕೆಲಸವೇ ಅರ್ಧ ರಿವಿಷನ್. ಗೆಳೆಯರ ಫೈಲ್ ಬ್ಲೂಟೂತಲ್ಲಿ ಇಸ್ಕೊಂಡರೆ ಆ ಅರ್ಧ ಹೋಯ್ತು.

ನಕ್ಷೆ, ಲೆಕ್ಕ, ಅನುಸೂಚಿಗಳ ಉದ್ದ ಪಟ್ಟಿ, ಇವಕ್ಕೆಲ್ಲ ಇದು ಆಗೋದಿಲ್ಲ. ಮೇನ್ಸ್‌ಗೆ ಬರೆದೇ ಅಭ್ಯಾಸ ಮಾಡಬೇಕು. ಮತ್ತೆ, ಗಾಡಿ ಓಡಿಸೋರು ಇದನ್ನು ಮಾಡಬೇಡಿ. ಮೌನದಲ್ಲಿ ಉತ್ತರ ಹುಡುಕ್ತಾ ಇರುವ ತಲೆಗೆ ಸಿಗ್ನಲ್ ಕಾಣೋದಿಲ್ಲ. ಬಸ್ಸು, ಮೆಟ್ರೋ, ರೈಲು ಇದ್ದವರಿಗಷ್ಟೇ ಇದು.