ತಿರುವಿನ ಗಾಡಿ, ಹತ್ತು ಗಂಟೆಯ ಮೈಕು

ಜನವರಿ 18, 2026, ಭಾನುವಾರ. ಬದಿಯಡ್ಕ ಹತ್ತಿರ

ಧನುರ್ಮಾಸ ಮುಗಿಯಿತು, ಇನ್ನು ಮದುವೆಗಳ ಸಾಲು. ನಮ್ಮ ಓಣಿಯಲ್ಲೇ ಈ ತಿಂಗಳ ಕೊನೆಗೆ ಒಂದು ಮದುವೆ ಇದೆ, ಫೆಬ್ರವರಿಯಲ್ಲಿ ಇನ್ನೊಂದು ಮನೆಯ ಒಕ್ಕಲು. ಇವತ್ತು ಬೆಳಿಗ್ಗೆ ನಮ್ಮ ರೆಸಿಡೆಂಟ್ಸ್ ಅಸೋಸಿಯೇಷನ್ನಿನ ಕಾರ್ಯದರ್ಶಿ ಹುಡುಗ ಒಂದು ಕಾಗದ ಹಿಡಿದುಕೊಂಡು ಬಂದ. "ಅಕ್ಕ, ಇದನ್ನು ಎ4ರಲ್ಲಿ ಹತ್ತು ಪ್ರಿಂಟ್ ತೆಗೆದುಕೊಡಿ. ಲ್ಯಾಮಿನೇಷನ್ ಮಾಡಿ ಅಂಟಿಸ್ತೇವೆ" ಅಂದ. ನನ್ನದು ಡಿಟಿಪಿ ಅಂಗಡಿ. ಮದುವೆ ಕಾಗದ, ಜಾತ್ರೆ ನೋಟೀಸು, ಮರಣ ಸೂಚನೆ ಎಲ್ಲ ಕೂಡಿಸುವುದು ಇಲ್ಲೇ. ಅವನು ತಂದದ್ದು ಹೀಗಿತ್ತು:

"ಎಚ್ಚರಿಕೆ! ಓಣಿಯ ರಸ್ತೆಯಲ್ಲಿ ವಾಹನ ನಿಲುಗಡೆಯನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ. ಪದೇ ಪದೇ ಹೇಳಿದರೂ ಕೆಲವರು ಕೇಳುತ್ತಿಲ್ಲ. ಮದುವೆಯ ಹೆಸರಿನಲ್ಲಿ ಮಧ್ಯರಾತ್ರಿಯವರೆಗೆ ಮೈಕ್ ಹಾಕಿ ಇತರರಿಗೆ ತೊಂದರೆ ಕೊಡುವುದು ಶಿಕ್ಷಾರ್ಹ ಅಪರಾಧ. ಉಲ್ಲಂಘಿಸಿದವರ ಮೇಲೆ ಪೊಲೀಸ್ ಕ್ರಮ ಕೈಗೊಳ್ಳಲಾಗುವುದು. – ಕಾರ್ಯದರ್ಶಿ"

"ಕೆಂಪು ಅಕ್ಷರ ಇರ್ಲಿ ಅಕ್ಕ" ಅಂತಲೂ ಹೇಳಿದ.

ಅವನ ಸಿಟ್ಟಿಗೆ ಕಾರಣ ಇದೆ. ಕಳೆದ ವಾರ ಹಲಸಿನ ಮರದ ತಿರುವಿನಲ್ಲಿ ಯಾರೋ ಕಾರು ಬಿಟ್ಟು ಹೋಗಿದ್ದರು. ಗ್ಯಾಸ್ ಗಾಡಿ ಹಿಂದೆ ಹೋಗಲೂ ಆಗದೆ, ಮುಂದೆ ಬರಲೂ ಆಗದೆ ತುಂಬಾ ಹೊತ್ತು ಸಿಕ್ಕಿಹಾಕಿಕೊಂಡಿತ್ತು. ಎಲ್ಲರ ಬೈಗುಳ ಬಿದ್ದದ್ದು ಈ ಹುಡುಗನಿಗೆ. ಆದರೆ ಈ ಕಾಗದ ಗೋಡೆಗೆ ಹತ್ತಿದರೆ ಗಾಡಿ ಸರಿಯುವುದಿಲ್ಲ, ಮಾತು ಬಿಡುತ್ತಾರೆ ಅಷ್ಟೆ. ಹಾಗಾಗಿ ಅವನನ್ನು ಕೂರಿಸಿಕೊಂಡು, ಚಹಾ ಕೊಟ್ಟು, ಸಾಲು ಸಾಲಾಗಿ ನೋಡಿದೆವು.

ಮೊದಲ ಸಾಲಿನಲ್ಲೇ ತಪ್ಪು. ಓಣಿಯಲ್ಲಿ ಗಾಡಿ ನಿಲ್ಲಿಸಲೇಬಾರದು ಅಂದರೆ ಯಾರೂ ಪಾಲಿಸಲು ಸಾಧ್ಯ ಇಲ್ಲ. ಅರ್ಧ ಮನೆಗಳಿಗೆ ಒಳಗೆ ಗಾಡಿ ಹಾಕುವ ಜಾಗವೇ ಇಲ್ಲ. ಕಾರ್ಯದರ್ಶಿಯ ಬೈಕೂ ರಸ್ತೆಯಲ್ಲೇ ನಿಲ್ಲುತ್ತದೆ. ಪಾಲಿಸಲು ಆಗದ ಮಾತನ್ನು ಜೋರಾಗಿ ಹೇಳಿದರೆ ಓದುವವರು ಇಡೀ ನೋಟೀಸನ್ನೇ ಬದಿಗಿಡುತ್ತಾರೆ. ನಿಜವಾದ ತೊಂದರೆ ಎಲ್ಲಿ ಅಂತ ಕೇಳಿದೆ. "ತಿರುವಿನಲ್ಲಿ ಮಾತ್ರ" ಅಂದ. ಸರಿ, ಟೇಪ್ ಹಿಡಿದು ಇಬ್ಬರೂ ಹೋದೆವು. ಅಲ್ಲಿ ಎರಡೂ ಬದಿಯ ಮುರಕಲ್ಲಿನ ಪಾಗಾರಗಳ ನಡುವೆ ಮೂರೂವರೆ ಮೀಟರ್ ಇದೆ. ಒಂದು ಸಾಧಾರಣ ಕಾರಿನ ಅಗಲ 1.7 ಮೀಟರ್ ಹತ್ತಿರ. ಉಳಿಯುವುದು 1.8. ಆಂಬುಲೆನ್ಸಿನಂಥ ವ್ಯಾನಿನ ಮೈಯೇ ಎರಡು ಮೀಟರ್ ಹತ್ತಿರ ಇರುತ್ತದೆ, ಕನ್ನಡಿ ಬೇರೆ. ನೇರ ದಾರಿಯಲ್ಲೇ ದಾಟುವುದಿಲ್ಲ ಅಂದ ಮೇಲೆ ತಿರುವಿನಲ್ಲಿ ಕೇಳುವುದೇ ಬೇಡ. ಆದರೆ ತಿರುವು ದಾಟಿದ ಮೇಲೆ ರಸ್ತೆ ಅಗಲ ಆಗುತ್ತದೆ. ಅಲ್ಲಿ ಒಂದು ಬದಿಗೆ ಒತ್ತಿ ನಿಲ್ಲಿಸಿದರೆ ಯಾರಿಗೂ ಅಡ್ಡಿ ಇಲ್ಲ.

ಹಾಗಾದರೆ ಕೇಳಬೇಕಾದದ್ದು ಇಷ್ಟೇ: ತಿರುವನ್ನು ಖಾಲಿ ಬಿಡಿ. ಅಲ್ಲಿಗೆ ಎರಡು ಬಿಳಿ ಗೆರೆ ಹಾಕಿಸುವುದು ಅಂತ ಮಾಡಿದೆವು. ಹೊರಗಿನಿಂದ ಬಂದ ನೆಂಟರು ನೋಟೀಸು ಓದುವುದಿಲ್ಲ, ಗೆರೆ ನೋಡುತ್ತಾರೆ. ಕಾರಣವನ್ನೂ ನೋಟೀಸಿನಲ್ಲೇ ಹೇಳಬೇಕು. ಕಾರಣ ಇಲ್ಲದ ಮಾತು ಅಪ್ಪಣೆ ಆಗುತ್ತದೆ. ಆದರೆ ಕಾರಣ ಹೇಳುವಾಗಲೂ ಜಾಗ್ರತೆ ಬೇಕು. ಅವನು "ಓಣಿಯ ಕೊನೆಯ ಮನೆಯ ಅಜ್ಜನನ್ನು ವಾರ ವಾರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಲ್ವಾ, ಅದನ್ನೇ ಬರೆಯೋಣ" ಅಂದ. ಬೇಡ ಅಂದೆ. ಒಂದು ಮನೆಯ ಕಾಯಿಲೆಯನ್ನು ಗೋಡೆಗೆ ಅಂಟಿಸಿದ ಹಾಗಾಗುತ್ತದೆ. ಓಣಿಯವರಿಗೆಲ್ಲ ಅವರಿಂದಾಗಿ ತೊಂದರೆ ಅನ್ನುವ ಭಾವನೆಯೂ ಬರುತ್ತದೆ. ಆಂಬುಲೆನ್ಸ್, ಗ್ಯಾಸ್ ಗಾಡಿ, ಶಾಲೆಯ ವ್ಯಾನ್ ಅಂದರೆ ಸಾಕು. ಮೂರರಲ್ಲಿ ಒಂದಾದರೂ ಎಲ್ಲರ ಮನೆಗೆ ಬೇಕಾದದ್ದೇ.

"ಕೆಲವರು" ಅಂತ ಬರೆದ ಸಾಲನ್ನು ಪೂರ್ತಿ ತೆಗೆದೆವು. ಆ ಕೆಲವರು ಯಾರು ಅಂತ ಓಣಿಗೆಲ್ಲ ಗೊತ್ತು. ಆ ಮನೆಯವರಿಗೆ ಅವಮಾನ ಆಗುತ್ತದೆ. ಉಳಿದವರು ಇದು ನಮಗಲ್ಲ ಅಂತ ಮುಂದೆ ಹೋಗುತ್ತಾರೆ. ಮುಂದಿನ ತಿಂಗಳು ಅವರ ಮನೆಗೇ ನೆಂಟರು ಬಂದಾಗ ಗಾಡಿ ಅದೇ ತಿರುವಿನಲ್ಲಿ ನಿಲ್ಲುತ್ತದೆ.

ಮೈಕಿನ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಓಣಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳು ಒಂದರ ಪಕ್ಕ ಒಂದು ಇವೆ. ಈ ತಿಂಗಳು ಮದುವೆ ಇರುವುದು ಒಂದೇ ಮನೆಯಲ್ಲಿ. ಈಗ "ಮದುವೆಯ ಹೆಸರಿನಲ್ಲಿ" ಅಂತ ಬರೆದರೆ ಬೆರಳು ಎತ್ತ ತೋರಿಸಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಭಜನೆ, ಮದರಂಗಿ, ಹುಟ್ಟುಹಬ್ಬ, ಯಾವುದನ್ನೂ ಹೆಸರಿಸದೆ "ಮನೆಯ ಕಾರ್ಯಕ್ರಮ" ಅಂತ ಬರೆದೆವು. ಎಲ್ಲರ ಮನೆಯದೂ ಅದರಲ್ಲಿ ಬಂತು.

ಪೊಲೀಸ್ ಕ್ರಮದ ಸಾಲಿನ ಬಗ್ಗೆ ಅವನು ಸ್ವಲ್ಪ ಹೊತ್ತು ಹಟ ಹಿಡಿದ. "ಹೆದರಿಕೆ ಇಲ್ಲದಿದ್ದರೆ ಯಾರು ಕೇಳ್ತಾರೆ ಅಕ್ಕ?" ಅಂದ. ಕ್ರಮ ಕೈಗೊಳ್ಳುವ ಅಧಿಕಾರ ಅಸೋಸಿಯೇಷನ್ನಿಗೆ ಇಲ್ಲ. ಇಲ್ಲದ ಅಧಿಕಾರ ತೋರಿಸಿದರೆ ಒಬ್ಬರಾದರೂ "ಕೊಡು ನೋಡೋಣ ಕಂಪ್ಲೇಂಟ್" ಅಂತಾರೆ. ಆಮೇಲೆ ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ. ಕಾನೂನು ಇರುವುದು ಸತ್ಯ. ಶಬ್ದ ಮಾಲಿನ್ಯದ ನಿಯಮಗಳು 2000ನೇ ಇಸವಿಯಿಂದಲೂ ಇವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆ ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸಡಿಲಿಸಬಹುದು. ಅದು ಸರಕಾರ ಮಾಡುವ ಕೆಲಸ, ಓಣಿಯವರು ಸೇರಿ ಕೊಡುವ ಅನುಮತಿ ಅಲ್ಲ. ಹಾಗಾಗಿ ನೋಟೀಸಿನಲ್ಲಿ ಹತ್ತು ಗಂಟೆಯನ್ನು ಮಾತ್ರ ಗಟ್ಟಿಯಾಗಿ ಇಟ್ಟೆವು. "ಸಾಧ್ಯವಾದರೆ", "ಆದಷ್ಟು" ಅಂತ ಅದಕ್ಕೆ ಬಾಲ ಕಟ್ಟಲಿಲ್ಲ. ನಯ ಇರಬೇಕಾದದ್ದು ಕೇಳುವ ರೀತಿಯಲ್ಲಿ. ಗಂಟೆಯನ್ನು ಸಡಿಲ ಬಿಟ್ಟರೆ ಮದರಂಗಿಯ ರಾತ್ರಿ ಅದು ಹನ್ನೊಂದಾಗುತ್ತದೆ, ಹನ್ನೆರಡಾಗುತ್ತದೆ.

ಹಗಲಿನ ಸದ್ದಿಗೂ ಮಿತಿ ಇದೆ. ಮನೆಗಳಿರುವ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಖಾಸಗಿ ಜಾಗದಲ್ಲಿ ಮೈಕ್ ಹಾಕಿದರೆ ಗಡಿಯಲ್ಲಿ ಅದಕ್ಕಿಂತ 5ರಷ್ಟು ಮಾತ್ರ ಜಾಸ್ತಿ ಇರಬಹುದು. ಆದರೆ ಡೆಸಿಬಲ್ ಅಂತ ಗೋಡೆಗೆ ಅಂಟಿಸಿದರೆ ಯಾರಿಗೆ ಅರ್ಥ ಆಗಬೇಕು? ಫೋನಿನ ಆ್ಯಪ್‌ಗಳು ತೋರಿಸುವ ಲೆಕ್ಕವೂ ಅಂದಾಜೇ. ಅದನ್ನು ಹಿಡಿದು ನೆರೆಮನೆಗೆ ಹೋದರೆ ಜಗಳ ಖಂಡಿತ.

ಮೈಕ್ ಸೆಟ್‌ನವರು ಕೈಯಾರೆ ಮಾಡಬಹುದಾದ ಕೆಲಸ ಹೇಳುವುದು ಒಳ್ಳೆಯದು ಅನ್ನಿಸಿತು. ಬಯಲಿನಲ್ಲಿ ಒಂದು ಬಾಕ್ಸಿನಿಂದ ದೂರ ಎರಡು ಪಟ್ಟು ಆದಾಗ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹತ್ತು ಮೀಟರಿನಲ್ಲಿ 75 ಇದ್ದರೆ ಇಪ್ಪತ್ತರಲ್ಲಿ 69, ನಲವತ್ತು ಮೀಟರಿನಲ್ಲೂ 63. ಅಂದರೆ ನಾಲ್ಕು ಮನೆ ಆಚೆಗೂ ಜೋರಾಗಿಯೇ ಕೇಳುತ್ತದೆ. ಗೇಟಿನ ಹತ್ತಿರ ರಸ್ತೆಗೆ ಮುಖ ಮಾಡಿ ಒಂದು ದೊಡ್ಡ ಬಾಕ್ಸ್ ಇಟ್ಟರೆ ಚಪ್ಪರದ ಹಿಂದೆ ಕೂತವರಿಗೆ ಕೇಳಲಿ ಅಂತ ಜೋರು ಮಾಡುತ್ತಾರೆ, ಆ ಸದ್ದೆಲ್ಲ ಓಣಿಗೆ ಹರಿಯುತ್ತದೆ. ಅದರ ಬದಲು ಚಪ್ಪರದ ಒಳಗೆ ಎರಡು ಮೂರು ಸಣ್ಣ ಬಾಕ್ಸ್ ಜನರ ಹತ್ತಿರವೇ ಇಟ್ಟು, ಮುಖ ಒಳಕ್ಕೆ ತಿರುಗಿಸಿದರೆ ಕಡಿಮೆ ಸದ್ದಿನಲ್ಲೇ ಎಲ್ಲರಿಗೂ ಕೇಳುತ್ತದೆ. ಬೇಸ್ ಮಾತ್ರ ಹೀಗೆ ಮಾಡಿದರೂ ಗೋಡೆ ದಾಟಿ ಬರುತ್ತದೆ. ಅದನ್ನು ಇಳಿಸಲೇಬೇಕು. ಸರಿಯಾಗಿದೆಯಾ ಅಂತ ನೋಡಲು ಪಕ್ಕದ ಮನೆಯ ಗೇಟಿನಲ್ಲಿ ನಿಂತು ಮಾತಾಡಿ ನೋಡಬೇಕು. ಸ್ವರ ಎತ್ತದೆ ಮಾತಾಡಲು ಆಗದಿದ್ದರೆ ಇನ್ನೂ ಜಾಸ್ತಿ ಇದೆ ಅಂತ ಲೆಕ್ಕ.

ಕೊನೆಗೆ ನೋಟೀಸು ಹೀಗಾಯಿತು:

"ಓಣಿಯ ಎಲ್ಲ ಮನೆಯವರಿಗೆ ನಮಸ್ಕಾರ.
ಕಾರ್ಯಕ್ರಮಗಳ ತಿಂಗಳುಗಳು ಬಂದಿವೆ. ನಮ್ಮೆಲ್ಲರ ಮನೆಗೂ ನೆಂಟರು ಬರುತ್ತಾರೆ.
ಹಲಸಿನ ಮರದ ತಿರುವಿನಲ್ಲಿ ಒಂದು ಕಾರು ನಿಂತರೂ ಆಂಬುಲೆನ್ಸ್, ಗ್ಯಾಸ್ ಗಾಡಿ, ಶಾಲೆಯ ವ್ಯಾನ್ ದಾಟುವುದಿಲ್ಲ. ಬಿಳಿ ಗೆರೆಗಳ ನಡುವೆ ಸ್ವಲ್ಪ ಹೊತ್ತಿಗೂ ಗಾಡಿ ನಿಲ್ಲಿಸದೆ ಸಹಕರಿಸಿ. ತಿರುವು ದಾಟಿ ಎಡಬದಿಗೆ ಒತ್ತಿ ನಿಲ್ಲಿಸಬಹುದು. ಹೆಚ್ಚು ಗಾಡಿಗಳು ಬರುವುದಿದ್ದರೆ ಮೊದಲೇ ತಿಳಿಸಿ. ದಾರಿ ತೋರಿಸಲು ನಮ್ಮ ಹುಡುಗರು ಬಂದು ನಿಲ್ಲುತ್ತಾರೆ.
ಮನೆಯ ಕಾರ್ಯಕ್ರಮದ ಮೈಕನ್ನು ರಾತ್ರಿ 10ಕ್ಕೆ ನಿಲ್ಲಿಸೋಣ. ಬೆಳಿಗ್ಗೆ 6ರ ನಂತರ ಹಾಕೋಣ. ಬಾಕ್ಸುಗಳ ಮುಖ ಚಪ್ಪರದ ಒಳಕ್ಕೆ ಇರಲಿ, ಬೇಸ್ ಕಡಿಮೆ ಇರಲಿ. ಪರೀಕ್ಷೆಗೆ ಓದುವ ಮಕ್ಕಳೂ ಹಿರಿಯರೂ ಎಲ್ಲ ಮನೆಗಳಲ್ಲಿ ಇದ್ದಾರೆ.
ಏನಾದರೂ ತೊಂದರೆ ಇದ್ದರೆ ನಮಗೆ ಫೋನ್ ಮಾಡಿ."

ಕೆಳಗೆ ಕಾರ್ಯದರ್ಶಿ, ಅಧ್ಯಕ್ಷರು ಇಬ್ಬರ ಹೆಸರು, ಫೋನ್ ನಂಬರ್. ಹೆಸರಿಲ್ಲದ ಹುದ್ದೆ ಮಾತ್ರ ಇದ್ದರೆ ಆಫೀಸಿನಿಂದ ಬಂದ ಕಾಗದ ಅನ್ನಿಸುತ್ತದೆ. ಕೆಂಪು ಬಿಟ್ಟು ಕಪ್ಪು ಅಕ್ಷರ ಮಾಡಿದೆ. ತಿರುವು ಮತ್ತು 10 ಗಂಟೆ, ಇವೆರಡನ್ನು ಮಾತ್ರ ದಪ್ಪ ಮಾಡಿದೆ. ಎಲ್ಲವನ್ನೂ ದಪ್ಪ ಮಾಡಿದರೆ ಪುನಃ ಕಿರುಚಿದ ಹಾಗೇ ಕಾಣುತ್ತದೆ.

ಕಾಸರಗೋಡಿನಲ್ಲಿ ಇನ್ನೊಂದು ವಿಷಯ ಮರೆಯುವಂತಿಲ್ಲ. ಕನ್ನಡ ಮತ್ತು ಮಲಯಾಳ ಎರಡೂ ಒಂದೇ ಹಾಳೆಯಲ್ಲಿ, ಅಕ್ಕಪಕ್ಕ, ಒಂದೇ ಅಳತೆಯ ಅಕ್ಷರದಲ್ಲಿ ಇರಬೇಕು. ಒಂದೇ ಭಾಷೆಯಲ್ಲಿ ಹಾಕಿದರೆ ಆ ಭಾಷೆಯವರಿಗೆ ಹೇಳಿದ ಹಾಗೆ, ಇಲ್ಲವೇ ಇನ್ನೊಬ್ಬರನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಹಾಗೆ ಆಗುತ್ತದೆ. ಮಲಯಾಳವನ್ನು ನಾನೇ ಬರೆಯಬಲ್ಲೆ. ಆದರೂ ಅದೇ ಭಾಷೆಯಲ್ಲಿ ಬೆಳೆದವರು ಓದಿ ಅಪ್ಪಣೆಯ ಹಾಗೆ ಕೇಳುತ್ತಾ ಅಂತ ಹೇಳಬೇಕು. ಮೂಲೆ ಮನೆಯ ಟೀಚರಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೇನೆ.

ಅಂಟಿಸುವ ಮೊದಲು ಮದುವೆ ಮನೆಗೆ ಹೋಗಿ ತೋರಿಸಲೇಬೇಕು ಅಂತ ನಾನೇ ಒತ್ತಾಯ ಮಾಡಿದೆ. ಸಂಜೆ ಇಬ್ಬರೂ ಹೋದೆವು. ಅಲ್ಲಿನ ಅಣ್ಣ, ನಾವೆಲ್ಲ ಇಚ್ಚ ಅಂತ ಕರೆಯುವವರು, ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಹತ್ತು ಗಂಟೆಗೆ ನಿಲ್ಲಿಸ್ತೇವೆ, ಅದಕ್ಕೇನು. ಆದ್ರೆ ಅಕ್ಕ, ಮದರಂಗಿಯ ದಿನ ಗಾಡಿಗಳು ಜಾಸ್ತಿ ಬರ್ತವೆ. ಎಡಬದಿಯಲ್ಲಿ ಅಷ್ಟು ಹಿಡಿಯುವುದಿಲ್ಲ" ಅಂದರು. ಆ ಮಾತು ಸರಿ. ನಾವು ಅದನ್ನು ಲೆಕ್ಕ ಹಾಕಲು ಕೂತೆವು. ಎಡಬದಿಯಲ್ಲಿ ಎಂಟು ಕಾರು ಹಿಡಿಯಬಹುದು. ಉಳಿದವಕ್ಕೆ ಓಣಿಯ ಬಾಯಿಯಲ್ಲಿರುವ ಖಾಲಿ ಹಿತ್ತಿಲನ್ನು ಎರಡು ದಿನದ ಮಟ್ಟಿಗೆ ಕೇಳುವುದು ಅಂತ ಆಯಿತು. ಆ ಹಿತ್ತಿಲಿನ ಯಜಮಾನರಿಗೆ ಇಚ್ಚನೇ ಫೋನ್ ಮಾಡಿದರು. ಗೇಟಿನ ಬೀಗದ ಕೈ ಶುಕ್ರವಾರ ಕೊಡುತ್ತಾರಂತೆ.

ನೋಟೀಸು ಅಂಟಿಸುವುದು ಹಾಲಿನ ಡಿಪೋದ ಗೋಡೆಗೆ ಮತ್ತು ಓಣಿಯ ಬಾಯಿಯ ಕಂಬಕ್ಕೆ ಮಾತ್ರ. ಯಾರ ಗೇಟಿನ ಎದುರಿಗೂ ಬೇಡ ಅಂದಿದ್ದೇನೆ. ಹಾಗಾಗಿ ಹತ್ತು ಪ್ರಿಂಟ್ ಬೇಕಾಗಿಲ್ಲ, ನಾಲ್ಕು ಸಾಕು. ಟೀಚರ್ ಮಲಯಾಳ ತಿದ್ದಿ ಕಳಿಸಿದ ಕೂಡಲೇ ತೆಗೆಯುತ್ತೇನೆ.