ಉತ್ತರ ಕೆಳಗಿನ ಮೂಲೆಯಲ್ಲಿತ್ತು

ಕೃಷಿ ಸಂಶೋಧನಾ ಕೇಂದ್ರವೊಂದರಲ್ಲಿ ತಾಂತ್ರಿಕ ಸಹಾಯಕನಾಗಿದ್ದೇನೆ. ಹೊಲದಲ್ಲಿ ರೋಗದ ಲೆಕ್ಕ ಬರೆದುಕೊಳ್ಳುವುದು ನನ್ನ ಮುಖ್ಯ ಕೆಲಸ. ಆದರೆ ಕಂಪ್ಯೂಟರ್ ಮುಂದೆ ಸ್ವಲ್ಪ ಹೆಚ್ಚು ಹೊತ್ತು ಕೂರುವವನು ಎಂಬ ಒಂದೇ ಕಾರಣಕ್ಕೆ ಸಮ್ಮೇಳನದ ಪೋಸ್ಟರ್ ಮಾಡುವ ಕೆಲಸವೂ ನನ್ನ ಪಾಲಿಗೆ ಬಂತು. ಮೊದಲ ಬಾರಿ ಮಾಡಿದ್ದು ರಾಗಿಯ ಕುತ್ತಿಗೆ ಬೆಂಕಿ ರೋಗದ ಪ್ರಯೋಗದ ಪೋಸ್ಟರ್. ವಿಜ್ಞಾನ ಸಮ್ಮೇಳನ ಕನ್ನಡದ್ದು, ಹಾಗಾಗಿ ಪೋಸ್ಟರೂ ಕನ್ನಡದಲ್ಲಿ.

ಪೋಸ್ಟರ್ ಪಕ್ಕ ನಿಂತಿದ್ದಾಗ ವಯಸ್ಸಾದ ವಿಜ್ಞಾನಿಯೊಬ್ಬರು ಬಂದರು. ಶೀರ್ಷಿಕೆ ಓದಿದರು, ಪೀಠಿಕೆಯ ಎರಡು ಸಾಲು ಓದಿದರು, ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ತಡವಾಗಿ ಬಿತ್ತಿದರೆ ರೋಗ ಹೆಚ್ಚಾಯಿತೋ ಇಲ್ಲವೋ, ಅದನ್ನು ಹೇಳಪ್ಪ." ಉತ್ತರ ಪೋಸ್ಟರಿನಲ್ಲೇ ಇತ್ತು, ಬಲಗಡೆ ಕೆಳಗಿನ ಮೂಲೆಯಲ್ಲಿ, 'ಉಪಸಂಹಾರ' ಎಂಬ ತಲೆಬರಹದ ಕೆಳಗೆ. ಅದನ್ನು ಓದಬೇಕಾದರೆ ಅವರು ಸೊಂಟ ಬಗ್ಗಿಸಬೇಕಿತ್ತು. ನಾನು ಬಾಯಲ್ಲೇ ಹೇಳಿದೆ. "ಸರಿ" ಎಂದು ಹೋದರು. ಮೂರು ವಾರ ಕೂತು ಮಾಡಿದ ಪೋಸ್ಟರು ನನ್ನ ಬೆನ್ನಿಗೆ ಒರಗುವ ಹಲಗೆಯಾಯಿತು.

ಆ ಮೂಲೆಯ ಲೆಕ್ಕವನ್ನು ಆಮೇಲೆ ಹಾಕಿದೆ. ಎ-0 ಹಾಳೆ 84.1 ಸೆಂಟಿಮೀಟರ್ ಅಗಲ, 118.9 ಸೆಂಟಿಮೀಟರ್ ಎತ್ತರ. ಅದನ್ನು ಉದ್ದಕ್ಕೆ ತೂಗುಹಾಕಿ, ಮೇಲಂಚು ಎರಡು ಮೀಟರ್ ಎತ್ತರದಲ್ಲಿದ್ದರೆ ಕೆಳಂಚು ನೆಲದಿಂದ ಸುಮಾರು 81 ಸೆಂಟಿಮೀಟರಿಗೆ ಬರುತ್ತದೆ. ಅಂದರೆ ಕೊನೆಯ ಒಂದು ಮೊಳ ನಿಂತವರ ಸೊಂಟದ ಮಟ್ಟ. ನಾಲ್ಕು ಜನ ಮುಂದೆ ನಿಂತರೆ ಹಿಂದಿನವರಿಗೆ ಅದು ಕಾಣುವುದೇ ಇಲ್ಲ. ಪ್ರಬಂಧ ಬರೆಯುವ ಅಭ್ಯಾಸದಲ್ಲಿ ಪೀಠಿಕೆ, ವಿಧಾನ, ಫಲಿತಾಂಶ, ಉಪಸಂಹಾರ ಎಂದು ಕ್ರಮವಾಗಿ ಇಳಿಸುತ್ತಾ ಹೋದರೆ, ಎಲ್ಲಕ್ಕಿಂತ ಮುಖ್ಯವಾದ ಮಾತು ಯಾರೂ ನೋಡದ ಜಾಗಕ್ಕೆ ಹೋಗಿ ಬೀಳುತ್ತದೆ.

ಇನ್ನೊಂದು ತಪ್ಪೂ ಇತ್ತು. ಎರಡು ಕಂಬಗಳಲ್ಲಿ ಆರು ಚೌಕಗಳನ್ನು ಮಾಡಿದ್ದೆ. ಎಡಗಂಬವನ್ನು ಕೊನೆಯವರೆಗೆ ಓದಿ ಬಲಕ್ಕೆ ಬರಬೇಕು ಎಂಬುದು ನನ್ನ ಯೋಚನೆ. ಆದರೆ ಚೌಕಗಳೆಲ್ಲ ಒಂದೇ ಎತ್ತರದವು, ಅಡ್ಡಸಾಲಿಗೆ ಸರಿಯಾಗಿ ಕೂತಿದ್ದವು. ನೋಡುವವರ ಕಣ್ಣು ಅಡ್ಡಕ್ಕೇ ಹರಿಯಿತು. ಪೀಠಿಕೆ ಮುಗಿಸಿದವರು ಪಕ್ಕದ ಇಳುವರಿ ಚಿತ್ರಕ್ಕೆ ಹಾರಿದರು, ಅಲ್ಲಿಂದ ಮತ್ತೆ ಎಡಕ್ಕೆ ಬಂದು 'ವಿಧಾನ'ದಲ್ಲಿ ತಬ್ಬಿಬ್ಬಾದರು. ಬಾಣದ ಗುರುತು ಹಾಕಿ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಬಾಣ ಹಾಕಬೇಕಾಗಿ ಬಂದರೆ ಜೋಡಣೆಯೇ ಸರಿಯಿಲ್ಲ ಎಂದರ್ಥ. ಕಂಬದಂತೆ ಓದಿಸಬೇಕಾದರೆ ಕಂಬಗಳ ನಡುವಿನ ಖಾಲಿ ಜಾಗ ಚೌಕಗಳ ನಡುವಿನ ಜಾಗಕ್ಕಿಂತ ಎದ್ದುಕಾಣುವಷ್ಟು ಅಗಲವಿರಬೇಕು, ಎರಡು ಕಂಬಗಳ ತಲೆಬರಹಗಳು ಒಂದೇ ಸಾಲಿಗೆ ಬರಬಾರದು.

ಮರುವರ್ಷ ಅದೇ ಪ್ರಯೋಗದ ಮುಂದುವರಿಕೆ. ಈ ಸಲ ಬರಹ ಕೈಗೆ ಬರುವ ಮೊದಲೇ ಹಾಳೆಯನ್ನು ಹಂಚಿದೆ. ಪವರ್‌ಪಾಯಿಂಟಿನಲ್ಲಿ ಸ್ಲೈಡಿನ ಅಳತೆಯನ್ನು ಮೊದಲೇ 84.1 ಮತ್ತು 118.9 ಎಂದು ಕೊಟ್ಟೆ. ಮಾಮೂಲಿ ಸ್ಲೈಡಿನಲ್ಲಿ ಮಾಡಿ ಆಮೇಲೆ ಹಿಗ್ಗಿಸಿದರೆ ಪರದೆಯಲ್ಲಿ ಕಾಣುವ 28 ಪಾಯಿಂಟು ಹಾಳೆಯ ಮೇಲೆ ಎಷ್ಟಾಗುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮೇಲೆ ಶೀರ್ಷಿಕೆಗೆ 14 ಸೆಂಟಿಮೀಟರ್. ಅದರ ಕೆಳಗೆ ಇಡೀ ಅಗಲಕ್ಕೆ 10 ಸೆಂಟಿಮೀಟರಿನ ಪಟ್ಟಿ, ಅದರಲ್ಲಿ ಒಂದೇ ವಾಕ್ಯ: "ಬಿತ್ತನೆ ತಡವಾದಷ್ಟೂ ನಾಟಿ ತಳಿಯಲ್ಲಿ ಕುತ್ತಿಗೆ ಬೆಂಕಿ ರೋಗ ಏರಿತು, ಜಿಪಿಯು-28 ತಳಿಯಲ್ಲಿ ಏರಲಿಲ್ಲ." ಅದಕ್ಕೆ ತಾಗಿ ಒಂದೇ ದೊಡ್ಡ ಚಿತ್ರ, 76 ಅಗಲ, 40 ಎತ್ತರ. ಚಿತ್ರದ ಕೆಳಗೆ ಎರಡು ಕಂಬ. ಎಡಕ್ಕೆ ಏಕೆ ಮಾಡಿದೆವು, ಹೇಗೆ ಮಾಡಿದೆವು. ಬಲಕ್ಕೆ ರೋಗ ತಗುಲಿದ ತೆನೆಯ ಫೋಟೋ, ರೈತರಿಗೆ ಇದರಿಂದ ಏನು. ಈಗ ಸೊಂಟದ ಮಟ್ಟಕ್ಕೆ ಬಿದ್ದದ್ದು ವಿಧಾನ. ಅದು ಬೇಕಾದವರು ಬಗ್ಗಿಯೇ ಓದುತ್ತಾರೆ.

ತೀರ್ಮಾನವೊಂದನ್ನೇ ನಡುಮಧ್ಯೆ ಭಾರಿ ಅಕ್ಷರದಲ್ಲಿ ಬರೆದು ಉಳಿದದ್ದನ್ನು ಅಂಚಿಗೆ ತಳ್ಳುವ ಮಾದರಿಯೊಂದಿದೆ. ಅಮೆರಿಕದ ಮೈಕ್ ಮಾರಿಸನ್ 2019ರಲ್ಲಿ ಅದನ್ನು ಪ್ರಚಾರಕ್ಕೆ ತಂದರು. ಅದರಿಂದ ನಾನು ವಾಕ್ಯವನ್ನು ತೆಗೆದುಕೊಂಡೆ, ಜಾಗವನ್ನು ತೆಗೆದುಕೊಳ್ಳಲಿಲ್ಲ. ಹೊಲದ ಪ್ರಯೋಗ ನೋಡಲು ಬರುವವರು ಚಿತ್ರ ಕಾಣದೆ ಮಾತನ್ನು ನಂಬುವವರಲ್ಲ.

ಈಗ ಪದಗಳ ವಿಷಯ. ಸಂಘಟಕರ ಮಿತಿ 400 ಪದ. ನಮ್ಮ ವಿಜ್ಞಾನಿಗಳು ಕೊಟ್ಟ ಕರಡು 1,100. ಆದರೆ ಹಾಳೆ ಏನು ಹೇಳುತ್ತದೆ ನೋಡೋಣ. ಅಂಚು, ಶೀರ್ಷಿಕೆ, ಪಟ್ಟಿ, ಚಿತ್ರ, ನಡುವಿನ ಖಾಲಿ ಜಾಗ, ಕೆಳಗೆ ಕೃತಜ್ಞತೆಯ ಸಾಲು ಇವೆಲ್ಲ ಕಳೆದರೆ ಕಂಬಗಳಿಗೆ ಉಳಿಯುವುದು 40 ಸೆಂಟಿಮೀಟರ್. ಎರಡು ಕಂಬ ಸೇರಿ 80. ಫೋಟೋ ಮತ್ತು ಅದರ ವಿವರಣೆಗೆ 24 ಹೋದರೆ 56. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಆದ್ದರಿಂದ ಇಂಗ್ಲಿಷಿನಷ್ಟು ಒತ್ತಾಗಿ ಸಾಲು ಕೂರಿಸಲಾಗದು. 28 ಪಾಯಿಂಟಿನ ಅಕ್ಷರಕ್ಕೆ ಅದರ 1.4 ಪಟ್ಟು ಸಾಲಂತರ ಕೊಟ್ಟರೆ ಒಂದು ಸಾಲಿಗೆ ಸುಮಾರು 1.4 ಸೆಂಟಿಮೀಟರ್. ಅಲ್ಲಿಗೆ 40 ಸಾಲು. ತಲೆಬರಹಗಳಿಗೆ ಎಂಟು ಸಾಲು ಬಿಡಿ, ಉಳಿದದ್ದು 32. ಕಂಬದ ಅಗಲಕ್ಕೆ ನನ್ನ ಫಾಂಟಿನಲ್ಲಿ ಎಂಟು ಪದ ಹಿಡಿಯಿತು. ಒಟ್ಟು 256. ಸಂಘಟಕರು 400 ಕೊಟ್ಟರೇನು, ಹಾಳೆ ಕೊಟ್ಟದ್ದು 250.

ಇಲ್ಲೊಂದು ತಮಾಷೆ. ಕಂಪ್ಯೂಟರ್ ಪದ ಎಣಿಸುವುದು ನಡುವಿನ ಖಾಲಿ ಜಾಗ ನೋಡಿ. ಕನ್ನಡದಲ್ಲಿ ಪದಗಳನ್ನು ಕೂಡಿಸಿ ಬರೆದರೆ ಎಣಿಕೆ ತಾನಾಗಿ ಇಳಿಯುತ್ತದೆ. 'ರೋಗನಿರೋಧಕತಳಿಗಳಲ್ಲಿ' ಎಂದು ಒಂದೇ ಪದ ಮಾಡಿ ನಲವತ್ತು ಪದ ಉಳಿಸಿದೆ ಎಂದು ಹೆಮ್ಮೆಯಿಂದ ತಂದು ತೋರಿಸಿದವರಿದ್ದಾರೆ. ಹಾಳೆಯ ಮೇಲೆ ಒಂದು ಸಾಲೂ ಉಳಿದಿರಲಿಲ್ಲ. ಅಂದಿನಿಂದ ನಾನು ಪದ ಎಣಿಸುವುದಿಲ್ಲ, ಸಾಲು ಎಣಿಸುತ್ತೇನೆ.

ಕತ್ತರಿಸುವಾಗ ಹೆಚ್ಚು ಜಾಗ ಸಿಕ್ಕಿದ್ದು ವಿಧಾನದಲ್ಲಿ. ಕರಡಿನ ವಾಕ್ಯ ಹೀಗಿತ್ತು: "ಈ ಪ್ರಯೋಗವನ್ನು ಮುಂಗಾರು ಹಂಗಾಮಿನಲ್ಲಿ ನಮ್ಮ ಕೇಂದ್ರದ ಕೆಂಪು ಮಣ್ಣಿನ ತಾಕುಗಳಲ್ಲಿ ಎರಡು ತಳಿಗಳು ಹಾಗೂ ಮೂರು ಬಿತ್ತನೆ ಅವಧಿಗಳನ್ನು ಬಳಸಿಕೊಂಡು, ನಾಲ್ಕು ಪುನರಾವರ್ತನೆಗಳೊಂದಿಗೆ, ಯಾದೃಚ್ಛಿಕ ಬ್ಲಾಕ್ ವಿನ್ಯಾಸದಲ್ಲಿ ಕೈಗೊಳ್ಳಲಾಯಿತು." 22 ಪದ. ನಾನು ಉಳಿಸಿದ್ದು: "ಕೆಂಪು ಮಣ್ಣಿನ ತಾಕು, ಎರಡು ತಳಿ, ಮೂರು ಬಿತ್ತನೆ." ಏಳು ಪದ. ಬಿತ್ತನೆಯ ವಾರಗಳು ಚಿತ್ರದ ಅಡಿಗೆರೆಯಲ್ಲೇ ಇದ್ದವು, ಮತ್ತೆ ಬರೆಯಬೇಕಿರಲಿಲ್ಲ. ಬೆಂಕಿ ರೋಗ ಶಿಲೀಂಧ್ರದಿಂದ ಬರುತ್ತದೆ ಎಂದು ವಿವರಿಸುವ ಪೀಠಿಕೆಯ ಪ್ಯಾರಾ ಇಡಿಯಾಗಿ ಹೋಯಿತು, ಆ ಸಭಾಂಗಣದಲ್ಲಿ ಅದು ಗೊತ್ತಿಲ್ಲದವರು ಊಟ ಬಡಿಸುವವರು ಮಾತ್ರ. ಅವರಲ್ಲೂ ರಾಗಿ ಬೆಳೆಯುವವರಿಗೆ ಗೊತ್ತಿದ್ದೀತು.

ಚಿತ್ರದ ಅಳತೆಯಲ್ಲಿ ನಾನು ಹಿಂದಿನ ವರ್ಷ ಮಾಡಿದ್ದ ಎಡವಟ್ಟು ಬಹಳ ಜನ ಮಾಡುವಂಥದ್ದೇ. ಪರದೆಯಿಂದ ನಕಲು ಮಾಡಿದ 800 ಪಿಕ್ಸೆಲ್ ಅಗಲದ ಚಿತ್ರವನ್ನು ಮೂಲೆ ಹಿಡಿದು 36 ಸೆಂಟಿಮೀಟರಿಗೆ ಎಳೆದಿದ್ದೆ. ಒಂದು ಸೆಂಟಿಮೀಟರಿಗೆ 22 ಪಿಕ್ಸೆಲ್. ಗೆರೆಗಳೆಲ್ಲ ಮಸುಕು, ಮೆಟ್ಟಿಲು ಮೆಟ್ಟಿಲು. ಅಕ್ಷರಗಳೂ ಚಿತ್ರದ ಜೊತೆಗೇ ಹಿಗ್ಗಿ, ಅಂದಾಜಿಗೆ ಸಿಗದ ಗಾತ್ರಕ್ಕೆ ಬಂದಿದ್ದವು. ಇದಕ್ಕೆ ಮದ್ದು ಒಂದೇ: ಚಿತ್ರವನ್ನು ಹಾಳೆಯ ಮೇಲೆ ಎಷ್ಟಿರಬೇಕೋ ಅಷ್ಟೇ ಅಳತೆಯಲ್ಲಿ ಹುಟ್ಟಿಸುವುದು, ಆಮೇಲೆ ಎಳೆಯದಿರುವುದು. ಆರ್ ತಂತ್ರಾಂಶದಲ್ಲಿ ನಾನು ಬರೆದದ್ದು ಇಷ್ಟು:

```r
p <- p + theme_classic(base_size = 36)
ggsave("chitra1.png", p, device = ragg::agg_png,
       width = 76, height = 40, units = "cm", dpi = 200)
```

ಇಲ್ಲಿ `base_size` 36 ಎಂದರೂ ಅಕ್ಷಗಳ ಮೇಲಿನ ಅಂಕಿಗಳು ಅದರ 0.8 ಪಟ್ಟು, ಅಂದರೆ ಸುಮಾರು 29 ಪಾಯಿಂಟು ಬರುತ್ತವೆ. ನನ್ನ ಬರಹದ 28ಕ್ಕೆ ಅದು ಸರಿಹೊಂದಿತು. `ragg` ಬಳಸಿದ್ದು ಕನ್ನಡಕ್ಕಾಗಿ. ಮಾಮೂಲಿ `pdf()` ಮೂಲಕ ಉಳಿಸಿದಾಗ ತಳಿಯ ಹೆಸರಿನ ಜಾಗದಲ್ಲಿ ಚುಕ್ಕಿಗಳ ಸಾಲು ಬಂದಿತ್ತು. ಬಣ್ಣದ ಸೂಚಿಯನ್ನು ಮೂಲೆಯಲ್ಲಿ ಇಡದೆ ತಳಿಯ ಹೆಸರನ್ನು ಆಯಾ ಗೆರೆಯ ತುದಿಯಲ್ಲೇ ಬರೆದೆ. ಆದರೆ `geom_text` ಅಕ್ಷರದ ಗಾತ್ರವನ್ನು ಪಾಯಿಂಟಿನಲ್ಲಲ್ಲ, ಮಿಲಿಮೀಟರಿನಲ್ಲಿ ಕೇಳುತ್ತದೆ. 28 ಎಂದು ಕೊಟ್ಟು ಮೊದಲ ಸಲ ತೆಗೆದ ಚಿತ್ರದಲ್ಲಿ 'ನಾಟಿ ತಳಿ' ಎಂಬುದು ಗೆರೆಗಳನ್ನೇ ನುಂಗಿಹಾಕಿತ್ತು. `28 / .pt` ಎಂದು ಬರೆದರೆ ಸರಿಯಾಗುತ್ತದೆ.

ಎಲ್ಲ ಆದಮೇಲೆ ಎ-4 ಹಾಳೆಯ ಪರೀಕ್ಷೆ. ಎ-0 ಹಾಳೆ ಎ-4ಕ್ಕಿಂತ ಉದ್ದದಲ್ಲೂ ಅಗಲದಲ್ಲೂ ನಾಲ್ಕು ಪಟ್ಟು. ಪೋಸ್ಟರನ್ನು ಎ-4ರಲ್ಲಿ ಮುದ್ರಿಸಿ ಕಣ್ಣಿಂದ 40 ಸೆಂಟಿಮೀಟರ್ ದೂರ ಹಿಡಿದರೆ, ನಿಜವಾದ ಪೋಸ್ಟರನ್ನು 1.6 ಮೀಟರ್ ದೂರದಿಂದ ನೋಡಿದಂತೆಯೇ ಕಣ್ಣಿಗೆ ಕಾಣುತ್ತದೆ. 28 ಪಾಯಿಂಟಿನ ಬರಹ ಆ ಹಾಳೆಯಲ್ಲಿ ಏಳು ಪಾಯಿಂಟು. ನಮ್ಮ ಕಚೇರಿಯ ಗುಮಾಸ್ತರಿಗೆ ಕೊಟ್ಟು ಓದಿಸಿದೆ. ಅವರು ಪಟ್ಟಿ ಓದಿದರು, ಚಿತ್ರ ನೋಡಿದರು, 'ಕೃತಜ್ಞತೆ' ಓದಲು ಹಾಳೆಯನ್ನು ಮೂಗಿನ ಹತ್ತಿರ ತಂದರು. ಅಷ್ಟು ಸಾಕು, ಕೃತಜ್ಞತೆಗೆ ಜನ ಹತ್ತಿರ ಬರಲಿ.

ಮುದ್ರಣದಂಗಡಿಯಲ್ಲಿ ಇನ್ನೊಂದು ಗಂಡಾಂತರ ಕಾದಿತ್ತು. ಅಂಗಡಿಯ ಹುಡುಗ ಪಿಡಿಎಫ್ ಕಡತವನ್ನು ಕೋರಲ್‌ಡ್ರಾದಲ್ಲಿ ತೆರೆದ. ಅಲ್ಲಿ ನನ್ನ ಫಾಂಟ್ ಇರಲಿಲ್ಲ. 'ಕುತ್ತಿಗೆ' ಎಂಬುದು 'ಕುತ್‌ತಿಗೆ' ಆಗಿ ಕೂತಿತ್ತು. ನಾನು ಪಕ್ಕದಲ್ಲಿರದಿದ್ದರೆ ಹಾಗೇ ಫ್ಲೆಕ್ಸಿಗೆ ಹೋಗುತ್ತಿತ್ತು. ಈಗ ಪಿಡಿಎಫ್ ಜೊತೆಗೆ ಇಡೀ ಪೋಸ್ಟರನ್ನು 4967 ಅಗಲ, 7022 ಎತ್ತರದ ಪಿಕ್ಸೆಲ್‌ಗಳ ಚಿತ್ರವಾಗಿಯೂ ಪೆನ್‌ಡ್ರೈವಿನಲ್ಲಿ ಒಯ್ಯುತ್ತೇನೆ. ಎ-0ಕ್ಕೆ ಅದು ಇಂಚಿಗೆ 150 ಪಿಕ್ಸೆಲ್ ಆಗುತ್ತದೆ, ನಿಂತು ಓದುವವರಿಗೆ ಧಾರಾಳ.

ಸಮ್ಮೇಳನದಲ್ಲಿ ಈ ಸಲ ಜನ ಪಟ್ಟಿ ಓದಿ, ಚಿತ್ರ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು. ಕೇಳಿದ ಪ್ರಶ್ನೆಗಳೆಲ್ಲ ನಾಟಿ ತಳಿಯ ಬಗ್ಗೆ. ಮಧ್ಯಾಹ್ನದ ಹೊತ್ತಿಗೆ ಹೋದ ವರ್ಷದ ಅದೇ ಹಿರಿಯರು ಬಂದರು. ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ, ನಾನು ಬೇಡವೆನ್ನುವಷ್ಟರಲ್ಲಿ, ಮೊಣಕಾಲ ಮೇಲೆ ಕೈಯೂರಿ ಬಗ್ಗಿ ವಿಧಾನದ ಏಳು ಪದಗಳನ್ನು ಓದಿದರು.

"ಎಷ್ಟು ಪುನರಾವರ್ತನೆ ಮಾಡಿದ್ದಿರಪ್ಪ?" ಎಂದರು.

ನಾಲ್ಕು ಎಂದೆ. "ಬರೆದಿಲ್ಲವಲ್ಲ" ಎಂದು ಬೆನ್ನು ನೇರ ಮಾಡಿಕೊಂಡರು.